ಫೋಟೊದಲ್ಲಿ 85, ಹಾಳೆಯಲ್ಲಿ 90

ನಾನು ಬಿಇ ಮೂರನೇ ವರ್ಷದಲ್ಲಿದ್ದೇನೆ. ಓದು ದಾವಣಗೆರೆಯಲ್ಲಿ, ಮನೆ ಅಲ್ಲಿಂದ ಒಂದೂವರೆ ಗಂಟೆ ದೂರದ ಹಳ್ಳಿಯಲ್ಲಿ. ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಬೀದಿಯ ಐದಾರು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ರಜೆ ಮುಗಿದ ಮೇಲೆ ಪಾಠ ವಾಟ್ಸ್‌ಆ್ಯಪ್‌ನಲ್ಲಿ ಮುಂದುವರಿಯುತ್ತದೆ. ಅವರು ಲೆಕ್ಕ ಮಾಡಿ ಫೋಟೊ ಕಳಿಸುತ್ತಾರೆ, ನಾನು ಹಾಸ್ಟೆಲ್‌ನಲ್ಲಿ ಊಟ ಮುಗಿಸಿ ಕುಳಿತು ನೋಡಿ ಉತ್ತರ ಬರೆಯುತ್ತೇನೆ. ತಿಂಗಳ ಮೊಬೈಲ್ ರೀಚಾರ್ಜ್ ಮತ್ತು ಬಸ್ ಚಾರ್ಜು ಇದರಲ್ಲೇ ಹುಟ್ಟುತ್ತದೆ. ಈ ಪುಟ ಓದುವ ಹಲವರು ಇಂಥದ್ದೇ ಕೆಲಸ ಮಾಡುತ್ತಿರಬಹುದು. ಅದಕ್ಕೇ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಕ್ಕದ ಮನೆಯ ಹುಡುಗಿ ಎಂಟನೇ ತರಗತಿ. ಒಂದು ಸಂಜೆ ಲಂಬಾರ್ಧಕದ ಎರಡು ರಚನೆಗಳನ್ನು ಬಿಳಿ ಹಾಳೆಯಲ್ಲಿ ಅಕ್ಕಪಕ್ಕ ಮಾಡಿ ಕಳಿಸಿದಳು. ಎಡಗಡೆ 8 ಸೆಂ.ಮೀ. ರೇಖಾಖಂಡ, ಬಲಗಡೆ 6 ಸೆಂ.ಮೀ. ರೇಖಾಖಂಡ. ನಾನು ಫೋಟೊವನ್ನು ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿ, ಪರದೆಯ ಮೇಲೆ ಪಾರದರ್ಶಕ ಕೋನಮಾಪಕ ಇಟ್ಟು ಅಳೆದೆ. ಎಡಗಡೆಯ ಚಿತ್ರದಲ್ಲಿ ಕೋನ 85 ಡಿಗ್ರಿಗಿಂತ ಸ್ವಲ್ಪ ಕಡಿಮೆ ಬಂತು. ಬಲಗಡೆಯದರಲ್ಲಿ 95 ದಾಟಿತ್ತು. ಕೈ ಅಲುಗಾಡಿದೆ ಎಂದು ಒಂದೆರಡು ಡಿಗ್ರಿ ಬಿಡಬಹುದು, ಐದು ಬಿಡಲು ಮನಸ್ಸು ಬರಲಿಲ್ಲ. ‘ಮಧ್ಯಬಿಂದು ಸರಿ ಇದೆ, ಲಂಬ ಸರಿ ಇಲ್ಲ, ಎರಡನ್ನೂ ಮತ್ತೆ ಮಾಡು’ ಎಂದು ಬರೆದು ಕೆಂಪು ಗೆರೆ ಎಳೆದು ವಾಪಸ್ ಕಳಿಸಿದೆ. ಮರುದಿನ ಹೊಸ ಫೋಟೊ ಬಂತು. ಅಳೆದೆ, ಸರಿಯಾಗಿ 90. ‘ಶಭಾಷ್’ ಎಂದು ಬರೆದೆ.

ಯುಗಾದಿಗೆ ಊರಿಗೆ ಹೋದಾಗ ಆ ಹಾಳೆಯನ್ನೇ ಕೈಯಲ್ಲಿ ಹಿಡಿದು ನೋಡಿದೆ. ಕಣ್ಣಿಗೇ ಗೊತ್ತಾಗುವಷ್ಟು ಲಂಬ ಎಡಕ್ಕೆ ವಾಲಿತ್ತು. ಕೋನಮಾಪಕ ಇಟ್ಟರೆ 95ರ ಮೇಲೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಅಳಿಸಿದ ಹಳೆಯ ಗೆರೆಯ ಗುರುತು ಕಾಣಿಸಿತು. ಸೀಸ ಹೋಗಿದ್ದರೂ ಪೆನ್ಸಿಲ್ ಒತ್ತಿದ ತಗ್ಗು ಹಾಳೆಯಲ್ಲಿ ಉಳಿದಿತ್ತು. ಆ ತಗ್ಗಿನ ಮೇಲೆ ಸ್ಕೇಲ್ ಇಟ್ಟು ಮತ್ತೆ ಗೆರೆ ಎಳೆದು ಅಳೆದೆ. 90 ಡಿಗ್ರಿ, ಎರಡೂ ಕಡೆ 4 ಸೆಂ.ಮೀ. ನಾನು ತಪ್ಪು ಎಂದದ್ದು ಸರಿಯಾದ ರಚನೆ, ಶಭಾಷ್ ಎಂದದ್ದು ತಪ್ಪಾದದ್ದು.

‘ಯಾಕೆ ಹೀಗೆ ಮಾಡಿದೆ?’ ಎಂದು ಕೇಳಿದೆ. ‘ಅಕ್ಕಾ, ನಾನು ಅಳೆದಾಗ ತೊಂಬತ್ತೇ ಇತ್ತು. ನೀವು ಫೋಟೊದಲ್ಲಿ ಇಲ್ಲ ಅಂದ್ರಿ. ಅದಕ್ಕೆ ಫೋಟೊದಲ್ಲಿ ತೊಂಬತ್ತು ಬರೋ ಹಾಗೆ ಎಳೆದೆ’ ಅಂದಳು. ಅವಳ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಟೀಚರ್ ಕೇಳಿದ್ದನ್ನು ಕೊಟ್ಟಿದ್ದಾಳೆ, ಅಷ್ಟೆ. ಗೆರೆಯನ್ನು ಓರೆ ಮಾಡಿದ ಮೇಲೆ ಕಂಸಗಳು ಅದಕ್ಕೆ ಹೊಂದಬೇಕಲ್ಲ, ಹಳೆಯ ಕಂಸಗಳನ್ನು ಉಜ್ಜಿ ಹೊಸದಾಗಿ ಕೈಯಲ್ಲೇ ಬರೆದಿದ್ದಳು.

ಆಗಿದ್ದು ಏನು ಎಂದು ಅರ್ಥ ಮಾಡಿಕೊಳ್ಳಲು ಮೊದಲು ರಚನೆಯನ್ನೊಮ್ಮೆ ನೆನಪಿಸಿಕೊಳ್ಳೋಣ. ಎಬಿ ಎಂಬ ರೇಖಾಖಂಡ ಇದೆ. ಅದರ ಅರ್ಧಕ್ಕಿಂತ ಹೆಚ್ಚು ತ್ರಿಜ್ಯ ತೆಗೆದುಕೊಂಡು ಕೈವಾರದ ಮುಳ್ಳನ್ನು ಎ ಮೇಲೆ ಊರಿ ಮೇಲೊಂದು, ಕೆಳಗೊಂದು ಕಂಸ ಎಳೆಯುತ್ತೇವೆ. ಅದೇ ತ್ರಿಜ್ಯದಲ್ಲಿ ಬಿ ಇಂದಲೂ ಎರಡು ಕಂಸ. ಅವು ಮೇಲೆ ಪಿಯಲ್ಲಿ, ಕೆಳಗೆ ಕ್ಯೂನಲ್ಲಿ ಕತ್ತರಿಸುತ್ತವೆ. ಪಿ ಮತ್ತು ಕ್ಯೂ ಸೇರಿಸಿದರೆ ಲಂಬಾರ್ಧಕ. ಪಿಯಿಂದ ಎಗೂ ಬಿಗೂ ಒಂದೇ ದೂರ, ಕ್ಯೂನಿಂದಲೂ ಒಂದೇ ದೂರ. ಇಡೀ ರಚನೆ ನಿಂತಿರುವುದು ಈ ಸಮ ದೂರಗಳ ಮೇಲೆ. ಫೋಟೊ ಮೊದಲು ಕೆಡಿಸುವುದೂ ಇದೇ ಸಮ ದೂರಗಳನ್ನು.

ಅವಳ ಮನೆಯಲ್ಲಿ ಫೋನ್ ಒಂದೇ, ಅಪ್ಪನದು. ಅವರು ಗದ್ದೆಯಿಂದ ಬಂದ ಮೇಲೆ ರಾತ್ರಿ ಸಿಗುತ್ತದೆ. ನಡುಮನೆಯಲ್ಲಿ ತಲೆಯ ಮೇಲೆ ಒಂದು ಬಲ್ಬು. ಫೋನನ್ನು ಹಾಳೆಗೆ ನೇರ ಮೇಲೆ ಹಿಡಿದರೆ ಫೋನಿನದೇ ನೆರಳು ಚಿತ್ರದ ಮೇಲೆ ಬೀಳುತ್ತದೆ. ಹಾಗಾಗಿ ನೆರಳು ತಪ್ಪಿಸಲು ಫೋನನ್ನು ತನ್ನ ಕಡೆಗೆ ಎಳೆದುಕೊಂಡು ಓರೆ ಮಾಡಿ ತೆಗೆಯುತ್ತಾಳೆ. ಮಕ್ಕಳ ಫೋಟೊ ಓರೆಯಾಗುವುದು ಅಜಾಗರೂಕತೆಯಿಂದ ಎಂದು ನಾನು ತಿಳಿದಿದ್ದೆ. ಕಾರಣ ಬಲ್ಬು.

ಈ ಓರೆಯ ಲೆಕ್ಕ ಕಷ್ಟದ್ದಲ್ಲ. ಕ್ಯಾಮೆರಾ ಹಾಳೆಯಿಂದ 30 ಸೆಂ.ಮೀ. ದೂರದಲ್ಲಿದೆ, ನೇರ ಮೇಲಿನಿಂದ ನೋಡುವ ಬದಲು 30 ಡಿಗ್ರಿ ವಾಲಿದೆ ಎಂದಿಟ್ಟುಕೊಳ್ಳಿ. ಹಾಳೆಯ ಮೇಲ್ಭಾಗ ಕ್ಯಾಮೆರಾಕ್ಕೆ ದೂರ, ಕೆಳಭಾಗ ಹತ್ತಿರ. ದೂರದ್ದು ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಹಾಳೆಯ ಮೇಲಿನ ನೇರ ಲಂಬಗೆರೆಗಳೆಲ್ಲ ಫೋಟೊದಲ್ಲಿ ಮೇಲಕ್ಕೆ ಹೋಗುತ್ತಾ ಮಧ್ಯಕ್ಕೆ ವಾಲುತ್ತವೆ, ರೈಲು ಹಳಿಗಳು ದೂರದಲ್ಲಿ ಕೂಡಿಕೊಳ್ಳುವಂತೆ. ಫೋಟೊದ ನಟ್ಟನಡುವೆ ಇರುವ ಗೆರೆ ಮಾತ್ರ ನೆಟ್ಟಗಿರುತ್ತದೆ. ನಡುವಿನಿಂದ 5 ಸೆಂ.ಮೀ. ಪಕ್ಕದಲ್ಲಿರುವ ಗೆರೆ ಎಷ್ಟು ವಾಲುತ್ತದೆ? 5ನ್ನು 30ರಿಂದ ಭಾಗಿಸಿ, 30 ಡಿಗ್ರಿಯ ಟ್ಯಾನ್ ಬೆಲೆಯಿಂದ ಗುಣಿಸಿದರೆ 0.096 ಬರುತ್ತದೆ. ಅದು ಐದೂವರೆ ಡಿಗ್ರಿಯ ಟ್ಯಾನ್. ಅಂದರೆ 90 ಡಿಗ್ರಿ ಫೋಟೊದಲ್ಲಿ 84.5 ಆಗಿ ಕಾಣುತ್ತದೆ. ಅವಳ ಎಡಗಡೆಯ ಚಿತ್ರದಲ್ಲಿ ನನಗೆ ಸಿಕ್ಕಿದ್ದೂ ಹೆಚ್ಚು ಕಡಿಮೆ ಅದೇ. ಬಲಗಡೆಯದು ಎದುರು ದಿಕ್ಕಿಗೆ ವಾಲಿ 95.5.

ನನಗೆ ನಾಚಿಕೆಯಾದದ್ದು ಇಲ್ಲಿ. ಎರಡು ಚಿತ್ರಗಳ ಲಂಬಗಳೂ ಒಂದರ ಕಡೆಗೊಂದು ವಾಲಿದ್ದವು. ಕೈವಾರ ಜಾರಿದರೆ, ಸ್ಕೇಲ್ ಅಲುಗಿದರೆ ಎರಡು ಚಿತ್ರ ಹೀಗೆ ಹೇಳಿಕೊಟ್ಟಂತೆ ಒಂದೇ ಅಳತೆಯಲ್ಲಿ ಎದುರು ಬದುರು ವಾಲುವುದು ಅಪರೂಪ. ಕ್ಯಾಮೆರಾ ವಾಲಿದಾಗ ಮಾತ್ರ ಅದು ತಪ್ಪದೆ ಆಗುತ್ತದೆ. ಇನ್ನೂ ಸುಲಭದ ಸಾಕ್ಷಿ ಹಾಳೆಯ ಅಂಚಿನಲ್ಲಿತ್ತು. ಎ4 ಹಾಳೆಯ ಅಂಚು ನಡುವಿನಿಂದ 10.5 ಸೆಂ.ಮೀ. ದೂರ, ಅದೇ ಲೆಕ್ಕದಲ್ಲಿ ಅದು 11 ಡಿಗ್ರಿ ವಾಲಿರಬೇಕು. ಯಾರಾದರೂ ಗಮನಿಸುವಷ್ಟು. ಆದರೆ ನನ್ನ ಬಳಿ ಬಂದ ಫೋಟೊದಲ್ಲಿ ಅಂಚೇ ಇರಲಿಲ್ಲ. ‘ಮಂಚ, ಚಾಪೆ, ತಟ್ಟೆ ಎಲ್ಲ ಕಳಿಸಬೇಡಿ, ಚಿತ್ರ ಮಾತ್ರ ಕ್ರಾಪ್ ಮಾಡಿ ಕಳಿಸಿ’ ಎಂದು ಮಕ್ಕಳಿಗೆ ಹೇಳಿದ್ದವಳು ನಾನೇ. ಫೋಟೊ ಓರೆಯೋ ನೇರವೋ ಎಂದು ಹೇಳಬಲ್ಲ ಒಂದೇ ವಸ್ತುವನ್ನು ನಾನೇ ಕತ್ತರಿಸಿ ಬಿಸಾಡಿಸಿದ್ದೆ.

ಅವಳ ಫೋಟೊದಲ್ಲಿ ಮಧ್ಯಬಿಂದು ಸರಿಯಾಗಿ ಕಂಡದ್ದೂ ಆಕಸ್ಮಿಕವೇ. ಎಬಿ ಅಡ್ಡಲಾಗಿತ್ತು, ಫೋನ್ ವಾಲಿದ್ದು ಕೆಳಗಿನಿಂದ. ಎ ಮತ್ತು ಬಿ ಎರಡೂ ಕ್ಯಾಮೆರಾಕ್ಕೆ ಒಂದೇ ಆಳದಲ್ಲಿದ್ದವು, ಆದ್ದರಿಂದ ಎರಡು ಅರ್ಧಗಳೂ ಸಮವಾಗಿ ಕುಗ್ಗಿದವು. ಅದೇ ಫೋನನ್ನು ಪಕ್ಕದಿಂದ, ಎಬಿಯ ಉದ್ದಕ್ಕೆ ವಾಲಿಸಿದ್ದರೆ ಕಥೆ ಬೇರೆ. 8 ಸೆಂ.ಮೀ. ರೇಖಾಖಂಡ, ದೂರ 30 ಸೆಂ.ಮೀ., ಓರೆ 30 ಡಿಗ್ರಿ. ಹತ್ತಿರದ ತುದಿ ಕ್ಯಾಮೆರಾಕ್ಕೆ 28 ಸೆಂ.ಮೀ. ಆಳದಲ್ಲಿ, ದೂರದ ತುದಿ 32ರಲ್ಲಿ. ಫೋಟೊದಲ್ಲಿ ಹತ್ತಿರದ ಅರ್ಧಕ್ಕೂ ದೂರದ ಅರ್ಧಕ್ಕೂ ಇರುವ ಅನುಪಾತ 32ಕ್ಕೆ 28. ಪರದೆಯ ಮೇಲೆ ಎಬಿ 60 ಮಿ.ಮೀ. ಕಂಡರೆ ಒಂದು ಅರ್ಧ 32 ಮಿ.ಮೀ., ಇನ್ನೊಂದು 28. ಕಾಗದದ ಮೇಲೆ ಕೂದಲೆಳೆಯಷ್ಟೂ ತಪ್ಪಿಲ್ಲದ ಮಧ್ಯಬಿಂದುವನ್ನು ನಾನು ಧೈರ್ಯವಾಗಿ ತಪ್ಪು ಎಂದು ಬರೆಯುತ್ತಿದ್ದೆ. ಅದೂ ಲಂಬ 90 ಎಂದೇ ಕಾಣುವ ಫೋಟೊದಲ್ಲಿ. ಫೋನ್ ಮೂಲೆಯಿಂದ ವಾಲಿದರೆ ಎರಡೂ ಕೆಡುತ್ತವೆ.

ಫೋನನ್ನು ದೂರ ಹಿಡಿದು ಝೂಮ್ ಮಾಡಿದರೆ ಸಾಲದೇ ಎಂದು ರೂಮ್‌ಮೇಟ್ ಕೇಳಿದಳು. ಸ್ವಲ್ಪ ಸಹಾಯವಾಗುತ್ತದೆ. 60 ಸೆಂ.ಮೀ. ದೂರಕ್ಕೆ ಹೋದರೆ 32-28 ಇದ್ದದ್ದು 31-29 ಆಗುತ್ತದೆ. ತಪ್ಪು ಅರ್ಧವಾಯಿತು, ಹೋಗಲಿಲ್ಲ.

‘ಸ್ಕ್ಯಾನ್ ಮಾಡುವ ಆ್ಯಪ್ ಇದೆಯಲ್ಲ’ ಎಂಬ ಮಾತು ಮುಂದೆ ಬಂದೇ ಬರುತ್ತದೆ. ನಾನೂ ಅದನ್ನೇ ಮೊದಲು ಹಿಡಿದೆ. ಈ ಆ್ಯಪ್‌ಗಳು ಹಾಳೆಯ ನಾಲ್ಕು ಮೂಲೆ ಹುಡುಕಿ, ಅವು ನಿಜವಾಗಿ ಆಯತದ ಮೂಲೆಗಳು ಎಂದು ಭಾವಿಸಿ ಇಡೀ ಚಿತ್ರವನ್ನು ಎಳೆದು ನೇರ ಮಾಡುತ್ತವೆ. ಸಮತಟ್ಟಾದ ಹಾಳೆಗೆ ನಾಲ್ಕು ಬಿಂದುಗಳ ನಿಜವಾದ ಜಾಗ ಗೊತ್ತಿದ್ದರೆ ಓರೆಯನ್ನು ಪೂರ್ತಿಯಾಗಿ ಬಿಚ್ಚಬಹುದು, ಅದು ಗಣಿತ. ಎ4 ಆದರೆ 210ಕ್ಕೆ 297 ಮಿ.ಮೀ. ಎಂದು ನಮಗೆ ಗೊತ್ತು. ನಾನು ಓಪನ್‌ಸಿವಿಯಲ್ಲಿ ಹೀಗೆ ಮಾಡಿ ನೋಡಿದ್ದೇನೆ, ಓರೆ ಫೋಟೊದಲ್ಲಿ 85 ಇದ್ದ ಕೋನ 90ರ ಹತ್ತಿರಕ್ಕೆ ವಾಪಸ್ ಬರುತ್ತದೆ.

ಆದರೆ ಆ್ಯಪ್‌ಗೆ ಹಾಳೆ ಎ4 ಎಂದು ಯಾರೂ ಹೇಳಿರುವುದಿಲ್ಲ, ಉದ್ದ ಅಗಲದ ಅನುಪಾತವನ್ನು ಅದು ಅಂದಾಜು ಮಾಡಬೇಕು. ಅಂದಾಜು ತಪ್ಪಿ ಚಿತ್ರ ಉದ್ದಕ್ಕೆ ನೂರಕ್ಕೆ ಐದರಷ್ಟು ಹಿಗ್ಗಿದರೆ, ಅಂಚಿಗೆ ಸಮಾನಾಂತರವಾಗಿರುವ ಎಬಿಗೆ ಏನೂ ಆಗದು. 45 ಡಿಗ್ರಿ ಓರೆಯಾಗಿ ಎಳೆದ ಎಬಿಯಾದರೆ ಅದರ ಲಂಬ 90ರ ಬದಲು 92.8 ಅಥವಾ 87.2 ಆಗಿ ಕಾಣುತ್ತದೆ. ನೋಟ್‌ಬುಕ್ ಆದರೆ ಇನ್ನೂ ತೊಂದರೆ. ಹೊಲಿಗೆಯ ಹತ್ತಿರ ಹಾಳೆ ಉಬ್ಬಿರುತ್ತದೆ, ಉಬ್ಬನ್ನು ನಾಲ್ಕು ಮೂಲೆಗಳಿಂದ ಬಿಚ್ಚಲು ಬರುವುದಿಲ್ಲ. ಜತೆಗೆ ಹಳೆಯ ಫೋನ್, ಮಂದ ಬೆಳಕು, ಬಿಳಿ ಹಾಳೆ ಬಿಳಿ ಟೈಲ್ಸ್ ಮೇಲೆ ಇದ್ದರೆ ಮೂಲೆ ಯಾವುದು ಎಂದು ಆ್ಯಪ್‌ಗೇ ತಿಳಿಯುವುದಿಲ್ಲ. ಸ್ಕ್ಯಾನ್ ಬೇಡ ಎನ್ನುತ್ತಿಲ್ಲ. ಸ್ಕ್ಯಾನ್ ಆದದ್ದರ ಮೇಲೂ ಕೋನಮಾಪಕ ಇಡಬೇಡಿ ಎನ್ನುತ್ತಿದ್ದೇನೆ.

ಹಾಗಾದರೆ ಫೋಟೊದಲ್ಲಿ ಕೆಡದೆ ಉಳಿಯುವುದೇನು? ಸರಳರೇಖೆ ಸರಳರೇಖೆಯಾಗಿಯೇ ಉಳಿಯುತ್ತದೆ, ಅತಿ ಅಗಲದ ಲೆನ್ಸ್ ಬಳಸದಿದ್ದರೆ. ಗೆರೆಯ ಮೇಲಿದ್ದ ಬಿಂದು ಫೋಟೊದಲ್ಲೂ ಗೆರೆಯ ಮೇಲೇ ಇರುತ್ತದೆ. ಕತ್ತರಿಸಿದ್ದು ಕತ್ತರಿಸಿದಲ್ಲೇ ಕಾಣುತ್ತದೆ. ಉದ್ದ, ಕೋನ, ಅರ್ಧ ಈ ಮೂರು ಹೋಗುತ್ತವೆ. ಇದು ಚಿತ್ರಕಾರರಿಗೆ ಹಳೆಯ ವಿಷಯ. ಇಟಲಿಯ ಆಲ್ಬೆರ್ಟಿ 1435ರಲ್ಲಿ ಚಿತ್ರಕಲೆಯ ಬಗ್ಗೆ ಬರೆದ ಗ್ರಂಥದಲ್ಲಿ, ದೂರಕ್ಕೆ ಹೋಗುವ ಚೌಕಕಲ್ಲಿನ ನೆಲವನ್ನು ಸರಿಯಾಗಿ ಬಿಡಿಸಿದ್ದೇವೆಯೇ ಎಂದು ನೋಡಲು ಚೌಕಗಳ ಕರ್ಣಗಳು ಒಂದೇ ಸರಳರೇಖೆಯಲ್ಲಿ ಬರುತ್ತವೆಯೇ ನೋಡಿ ಎಂದಿದ್ದಾರೆ. ಅವರು ಉದ್ದ ಅಳೆಯಲು ಹೇಳಲಿಲ್ಲ, ಉಳಿಯುವ ಗುಣವನ್ನು ನೋಡಲು ಹೇಳಿದರು.

ನಮ್ಮ ಲಂಬಾರ್ಧಕಕ್ಕೂ ಅದನ್ನೇ ಮಾಡಬಹುದು. ಅಳತೆಯನ್ನು ಕಾಗದದ ಮೇಲೆಯೇ ಮಾಡಿಸಿ, ಅದರ ಫಲ ‘ಬಿಂದು ಗೆರೆಯ ಮೇಲಿದೆಯೇ ಇಲ್ಲವೇ’ ಎಂಬ ರೂಪದಲ್ಲಿ ಬರುವಂತೆ ಮಾಡಿದರೆ ಫೋಟೊ ಎಷ್ಟು ಓರೆಯಾದರೂ ಪರವಾಗಿಲ್ಲ. ಯುಗಾದಿಯ ಮರುದಿನ ಅವಳೂ ನಾನೂ ಜಗಲಿಯ ಮೇಲೆ ಕುಳಿತು ಹಲವು ಹಾಳೆ ಹಾಳು ಮಾಡಿ ಕಂಡುಕೊಂಡ ವಿಧಾನ ಹೀಗಿದೆ.

ರಚನೆ ಬಿಡಿ ಹಾಳೆಯಲ್ಲಿರಲಿ. ಪಿಕ್ಯೂ ಗೆರೆಯ ಗುಂಟ ಸ್ಕೇಲ್ ಒತ್ತಿ ಹಿಡಿದು, ಚಿತ್ರ ಹೊರಗೇ ಕಾಣುವಂತೆ ಹಾಳೆಯನ್ನು ಹಿಂದಕ್ಕೆ ಮಡಚಬೇಕು. ಮಡಿಕೆ ಸರಿಯಾಗಿ ಗೆರೆಯ ಮೇಲೇ ಬರಬೇಕು, ಇದಕ್ಕೆ ತಾಳ್ಮೆ ಬೇಕು. ಈಗ ಎ ಬಿಂದುವಿನಲ್ಲಿ ಕೈವಾರದ ಮುಳ್ಳು ಮಾಡಿದ ರಂಧ್ರ ಇರುತ್ತದಲ್ಲ, ಅದರೊಳಗೆ ಗುಂಡುಸೂಜಿ ತೂರಿಸಿ ಕೆಳಗಿನ ಪದರವನ್ನೂ ಚುಚ್ಚಬೇಕು. ಹಾಳೆ ಬಿಚ್ಚಿದರೆ ಬಿಯ ಹತ್ತಿರ ಒಂದು ಹೊಸ ರಂಧ್ರ ಇರುತ್ತದೆ. ಲಂಬಾರ್ಧಕ ಸರಿಯಾಗಿದ್ದರೆ ಅದು ಬಿಯ ಮೇಲೇ ಬಿದ್ದಿರುತ್ತದೆ. ಲಂಬ ಸರಿಯೇ, ಅರ್ಧ ಸರಿಯೇ ಎಂಬ ಎರಡು ಪ್ರಶ್ನೆಗೂ ಒಂದೇ ಚುಚ್ಚಿನಲ್ಲಿ ಉತ್ತರ. ಹೊಸ ರಂಧ್ರಕ್ಕೆ ಪೆನ್ನಿನಿಂದ ಒಂದು ಸುತ್ತು ಹಾಕಿ ಫೋಟೊ ತೆಗೆದರೆ ಸಾಕು.

ಇನ್ನೂ ಚೆನ್ನಾಗಿರುವುದು, ತಪ್ಪಿದ್ದರೆ ಯಾವ ತಪ್ಪು ಎಂದೂ ಇದು ಹೇಳುತ್ತದೆ. ಎಂದಿನ ತಪ್ಪನ್ನೇ ನೋಡಿ: ಎ ಮೇಲೆ ಕಂಸ ಎಳೆದು ಬಿಗೆ ಹೋಗುವಷ್ಟರಲ್ಲಿ ಸಡಿಲ ಕೈವಾರ ಅಗಲವಾಗುತ್ತದೆ. 8 ಸೆಂ.ಮೀ. ರೇಖಾಖಂಡಕ್ಕೆ ಎ ಕಡೆಯಿಂದ ತ್ರಿಜ್ಯ 5 ಸೆಂ.ಮೀ., ಬಿ ಕಡೆಯಿಂದ 5.2 ಆಯಿತು ಎನ್ನಿ. ಆಗಲೂ ಪಿಕ್ಯೂ ಎಬಿಗೆ ಲಂಬವಾಗಿಯೇ ಇರುತ್ತದೆ, ಮೇಲಿನ ಮತ್ತು ಕೆಳಗಿನ ಛೇದನಗಳು ಒಂದೇ ರೀತಿ ಸರಿಯುತ್ತವೆ. ಆದರೆ ಗೆರೆ ಎಬಿಯನ್ನು ಕತ್ತರಿಸುವುದು ಎಯಿಂದ 4 ಸೆಂ.ಮೀ.ನಲ್ಲಿ ಅಲ್ಲ, ಸುಮಾರು 3.87ರಲ್ಲಿ. 1.3 ಮಿ.ಮೀ. ತಪ್ಪು ಕಣ್ಣಿಗೆ ಕಾಣುವುದು ಕಷ್ಟ. ಮಡಚಿ ಚುಚ್ಚಿದಾಗ ತಪ್ಪು ಇಮ್ಮಡಿಯಾಗುತ್ತದೆ, ಹೊಸ ರಂಧ್ರ ಬಿಯಿಂದ ಎರಡೂವರೆ ಮಿ.ಮೀ. ದೂರದಲ್ಲಿ, ಆದರೆ ಸರಿಯಾಗಿ ಎಬಿ ಗೆರೆಯ ಮೇಲೇ ಇರುತ್ತದೆ. ರಂಧ್ರ ಗೆರೆಯ ಮೇಲಿದ್ದು ಬಿ ತಪ್ಪಿದರೆ ಲಂಬ ಸರಿ, ಅರ್ಧ ತಪ್ಪು. ಕೈವಾರದ ತಿರುಪು ನೋಡಿಕೊಳ್ಳಬೇಕು.

ಅವಳು ನನಗಾಗಿ ತಿದ್ದಿ ಎಳೆದ ಗೆರೆಯನ್ನೂ ಹೀಗೆ ಮಡಚಿದೆವು. ಅದು 4 ಸೆಂ.ಮೀ.ನಲ್ಲೇ ಕತ್ತರಿಸುತ್ತದೆ, ಐದೂವರೆ ಡಿಗ್ರಿ ವಾಲಿದೆ. ಹೊಸ ರಂಧ್ರ ಎಬಿ ಗೆರೆಯನ್ನೇ ಬಿಟ್ಟು ಏಳೂವರೆ ಮಿ.ಮೀ. ಪಕ್ಕಕ್ಕೆ ಬಿದ್ದಿತ್ತು. ಯಾವ ಕೋನದಿಂದ ಫೋಟೊ ತೆಗೆದರೂ ಗೆರೆಯ ಹೊರಗಿನ ರಂಧ್ರ ಗೆರೆಯ ಹೊರಗೇ ಕಾಣುತ್ತದೆ. ಅದನ್ನು ನೋಡಿ ಅವಳು ನಕ್ಕಳು, ನನಗೆ ನಗು ಬರಲಿಲ್ಲ.

ಮಡಿಕೆಯೇ ಅರ್ಧ ಮಿ.ಮೀ. ಆಚೀಚೆ ಆಗಬಹುದು, ಅದೂ ಇಮ್ಮಡಿಯಾಗುತ್ತದೆ. ಹಾಗಾಗಿ 1 ಮಿ.ಮೀ. ತನಕ ಬಿಯ ಪಕ್ಕ ಬಿದ್ದರೆ ನಾನು ಸರಿ ಎನ್ನುತ್ತೇನೆ. ಹೊಲಿದ ನೋಟ್‌ಬುಕ್‌ನ ಹಾಳೆ ಮಡಚಲು ಆಗದಿದ್ದರೆ ತೆಳು ಕಾಗದದ ಪಟ್ಟಿಯೊಂದನ್ನು ಎಬಿ ಪಕ್ಕ ಇಟ್ಟು ಅದರ ಅಂಚಿನ ಮೇಲೆ ಎ, ಮಧ್ಯಬಿಂದು, ಬಿ ಮೂರನ್ನೂ ಗುರುತಿಸಿ, ಪಟ್ಟಿಯನ್ನು ಎಡಬಲ ತಿರುಗಿಸಿ ಅದೇ ಅಂಚನ್ನು ಮತ್ತೆ ಗೆರೆಗೆ ಹೊಂದಿಸಿ ಇಡಬಹುದು. ಗುರುತುಗಳು ಮತ್ತೆ ಹೊಂದಿದರೆ ಅರ್ಧ ಸರಿ. ಲಂಬಕ್ಕೆ ಮೂಲೆಮಟ್ಟವನ್ನು ಹಾಳೆಯ ಮೇಲೆಯೇ ಇಟ್ಟು ಫೋಟೊ ತೆಗೆಸಬೇಕು.

ಒಂದು ಮಾತು ಉಳಿಯಿತು. ಸ್ಕೇಲ್‌ನಲ್ಲಿ 4 ಸೆಂ.ಮೀ. ಅಳೆದು ಮೂಲೆಮಟ್ಟದಿಂದ ಲಂಬ ಎಳೆದವರೂ ಮಡಚುವ ಪರೀಕ್ಷೆಯಲ್ಲಿ ಪಾಸಾಗುತ್ತಾರೆ. ಕೈವಾರದಿಂದಲೇ ಮಾಡಿದ್ದಾರೆಯೇ ಎಂದು ಹೇಳುವುದು ಕಂಸಗಳು, ಅವನ್ನು ಫೋಟೊದಲ್ಲೇ ನೋಡಬಹುದು. ನಿಜವಾಗಿ ಮಾಡಿದವರ ಕಂಸಗಳು ಛೇದನ ಬಿಂದುವನ್ನು ದಾಟಿ ಮುಂದೆ ಹೋಗಿರುತ್ತವೆ, ಅಲ್ಲೊಂದು ಸ್ಪಷ್ಟ ಗುಣಾಕಾರ ಚಿಹ್ನೆ ಇರುತ್ತದೆ, ಗೆರೆ ಅದರ ನಡುವೆ ಹೋಗುತ್ತದೆ. ಆಮೇಲೆ ಸೇರಿಸಿದ ಕಂಸಗಳು ಸಾಮಾನ್ಯವಾಗಿ ಗೆರೆ ಮುಟ್ಟಿದ ಕೂಡಲೇ ನಿಂತುಬಿಡುತ್ತವೆ. ಅನುಮಾನ ಬಂದರೆ ಹಾಳೆಯ ಮೇಲೆ ಪಿಎ ಮತ್ತು ಪಿಬಿ ಅಳೆದು ಹೇಳು ಎನ್ನಬಹುದು. ಅವಳ ತಿದ್ದಿದ ಚಿತ್ರದಲ್ಲಿ ಒಂದು 4.8, ಇನ್ನೊಂದು 5.2 ಸೆಂ.ಮೀ. ಇತ್ತು. ನಾನು ಅಂದೇ ಈ ಒಂದು ಪ್ರಶ್ನೆ ಕೇಳಿದ್ದರೂ ಸಾಕಿತ್ತು. ಆದರೆ ಮೇಲಿನ ಕಂಸಗಳು ದೊಡ್ಡವು, ಕೆಳಗಿನವು ಚಿಕ್ಕವು ಎಂದು ಮಾತ್ರ ತಪ್ಪು ಹಾಕಬೇಡಿ. ಮೇಲಿನ ಜೋಡಿಗೆ ಒಂದು ತ್ರಿಜ್ಯ, ಕೆಳಗಿನ ಜೋಡಿಗೆ ಇನ್ನೊಂದು ಬಳಸಿದರೂ ಪಿ, ಕ್ಯೂ ಎರಡೂ ಎ ಮತ್ತು ಬಿಗೆ ಸಮದೂರದಲ್ಲೇ ಇರುತ್ತವೆ. ಅದು ಸರಿಯಾದ ರಚನೆಯೇ.

ನನ್ನ ಕೋರಿಕೆ ಫೋಟೊ ನೋಡಿ ಅಂಕ ಹಾಕುವ ನಮ್ಮಂಥವರಿಗೆ. ಒಂದು ಫೋಟೊಗೆ ಇಷ್ಟು ಎಂದು ದುಡ್ಡು ಸಿಗುವ ಕೆಲಸದಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ, ಗೊತ್ತು. ಆ ಅರ್ಧ ನಿಮಿಷವನ್ನು ಪರದೆಯ ಮೇಲೆ ಕೋನಮಾಪಕ ಇಡಲು ಖರ್ಚು ಮಾಡುವುದಕ್ಕಿಂತ ಕಂಸಗಳನ್ನು ನೋಡಲು ಖರ್ಚು ಮಾಡಿ. ಹಾಳೆಯ ನಾಲ್ಕು ಅಂಚೂ ಫೋಟೊದಲ್ಲಿರಲಿ ಎಂದು ಮಕ್ಕಳಿಗೆ ಹೇಳಿ, ಚಾಪೆ ತಟ್ಟೆ ಕಂಡರೆ ಕಾಣಲಿ. ಹಗಲಲ್ಲಿ ಕಿಟಕಿ ಪಕ್ಕ ತೆಗೆದರೆ ನೆರಳಿಗಾಗಿ ಫೋನ್ ವಾಲಿಸಬೇಕಿಲ್ಲ. ಅಪ್ಪನ ಫೋನ್ ಹಗಲು ಸಿಗದ ಮನೆಗಳಲ್ಲಿ ಇದು ಆಗದ ಮಾತು, ಅಂಥ ಮಕ್ಕಳ ಫೋಟೊ ಓರೆಯೇ ಇರುತ್ತದೆ ಎಂದು ಒಪ್ಪಿಕೊಂಡೇ ನೋಡಬೇಕು. ಐದು ಡಿಗ್ರಿ ತಪ್ಪು ಎಂದು ಬರೆಯುವ ಮೊದಲು ‘ಹಾಳೆಯ ಮೇಲೆ ನೀನು ಅಳೆದಾಗ ಎಷ್ಟು ಬಂತು?’ ಎಂದು ಕೇಳಿ. ಆ ಹುಡುಗಿ ಅಳೆದಿದ್ದಳು. ನಾನು ಕೇಳಿರಲಿಲ್ಲ.

ಕಳೆದ ವಾರ ಅವಳಿಂದ ಇನ್ನೊಂದು ಫೋಟೊ ಬಂತು. ಬಲ್ಬಿನ ಕೆಳಗೆ, ಓರೆಯಾಗಿ, ಹಾಳೆಯ ಅಂಚಿನ ಆಚೆ ಅರ್ಧ ರೊಟ್ಟಿ ಇರುವ ತಟ್ಟೆ. 7 ಸೆಂ.ಮೀ. ರೇಖಾಖಂಡದ ಲಂಬಾರ್ಧಕ, ಮಡಚಿದ ಗುರುತು, ನೀಲಿ ಪೆನ್ನಿನ ಸುತ್ತು. ಹೊಸ ರಂಧ್ರ ಬಿ ಮೇಲೆ ಬಿದ್ದಿರಲಿಲ್ಲ, ಸ್ವಲ್ಪ ಒಳಗೆ, ಆದರೆ ಗೆರೆಯ ಮೇಲೇ ಇತ್ತು. ನಾನು ಏನೂ ಅಳೆಯಲಿಲ್ಲ. ‘ಕೈವಾರ ಸಡಿಲ ಆಗಿದೆಯಾ?’ ಎಂದು ಕೇಳಿದೆ. ‘ಹೌದಕ್ಕಾ, ತಿರುಪು ನಿಲ್ತಾನೇ ಇಲ್ಲ. ನಾಳೆ ಅಪ್ಪ ಬೇರೆ ತರ್ತಾರಂತೆ’ ಎಂದು ಉತ್ತರ ಬಂತು.